ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿದೆ, ಬಾಕ್ಸ್ ಆಗಲೇ ಹೊರಟಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಮ್ಮೆ ಮನೆಗೆ ಬರುವ ಬಾಕ್ಸ್‌ಗಳನ್ನು ತುಂಬಿ ಕಳಿಸುವ ಗೋದಾಮಿನಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಪ್ಯಾಕಿಂಗ್ ಮೇಜಿನ ಮುಂದೆ, ಆಮೇಲೆ ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುವ ಜಾಗದಲ್ಲಿ. ಆ ಎರಡನೇ ಕೆಲಸದಲ್ಲಿ ಅತಿ ಹೆಚ್ಚು ಬಂದ ಪತ್ರ ಒಂದೇ: «ನಾನು ಕ್ಯಾನ್ಸಲ್ ಮಾಡಿದ ಮೇಲೂ ಬಾಕ್ಸ್ ಕಳಿಸಿದ್ದೀರಿ, ಇದು ಮೋಸವಲ್ಲವೇ?» ಕೆಲವೊಮ್ಮೆ ತಪ್ಪು ನಿಜಕ್ಕೂ ನಮ್ಮದೇ ಆಗಿರುತ್ತಿತ್ತು. ಹೆಚ್ಚಿನ ಸಲ ಮಾತ್ರ, ಕ್ಯಾನ್ಸಲ್ ಬಟನ್ ಏನನ್ನು ನಿಲ್ಲಿಸುತ್ತದೆ, ಏನನ್ನು ನಿಲ್ಲಿಸುವುದಿಲ್ಲ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅದನ್ನೇ ಇಲ್ಲಿ ಹೇಳುತ್ತೇನೆ.

ಕ್ಯಾನ್ಸಲ್ ಆಗಿದೆ ಎಂದು ತೋರಿಸುತ್ತಿದೆ. ಆದರೂ ಬಾಕ್ಸ್ ಯಾಕೆ ಬರುತ್ತಿದೆ?

ಕಂಪನಿಯ ಲೆಕ್ಕದಲ್ಲಿ ನಿಮ್ಮ ಹೆಸರಿನಲ್ಲಿ ಒಂದಲ್ಲ, ಎರಡು ದಾಖಲೆಗಳಿರುತ್ತವೆ. ಮೊದಲನೆಯದು ಚಂದಾ. ಇಂಥ ದಿನ ಇಷ್ಟು ಹಣ ತೆಗೆದುಕೊಂಡು ಒಂದು ಆರ್ಡರ್ ಹುಟ್ಟಿಸು ಎಂದು ಅದು ಕಂಪ್ಯೂಟರಿಗೆ ಕೊಟ್ಟ ಖಾಯಂ ಆದೇಶ. ಎರಡನೆಯದು ಆ ದಿನ ಹುಟ್ಟಿದ ಆರ್ಡರ್. ಅದಕ್ಕೆ ತನ್ನದೇ ನಂಬರ್, ತನ್ನದೇ ಬಿಲ್, ತನ್ನದೇ ವಿಳಾಸ. ಒಮ್ಮೆ ಹುಟ್ಟಿದ ಮೇಲೆ ಅದು ಚಂದಾದ ಕಡೆ ತಿರುಗಿ ನೋಡುವುದಿಲ್ಲ.

ನೀವು ಒತ್ತುವ ಕ್ಯಾನ್ಸಲ್ ಬಟನ್ ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ನಿಲ್ಲಿಸುತ್ತದೆ. ಅಂದರೆ ಮುಂದಿನ ತಿಂಗಳು ಹೊಸ ಆರ್ಡರ್ ಹುಟ್ಟುವುದಿಲ್ಲ. ಈ ತಿಂಗಳು ಆಗಲೇ ಹುಟ್ಟಿರುವ ಆರ್ಡರ್ ತನ್ನ ಪಾಡಿಗೆ ಗೋದಾಮಿನ ದಾರಿ ಹಿಡಿದಿರುತ್ತದೆ. ಪರದೆಯ ಮೇಲೆ `Cancelled` ಎಂದು ಕಂಡರೂ ಪಾರ್ಸಲ್ ಬರುವುದು ಇದರಿಂದ. ಎರಡೂ ಏಕಕಾಲಕ್ಕೆ ನಿಜ.

ಹಾಗಾಗಿ ಕ್ಯಾನ್ಸಲ್ ಮಾಡುವಾಗ ಎರಡು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಹುಡುಕಿ. ಚಂದಾ ನಿಂತಿತೇ? ಈಗಾಗಲೇ ತೆರೆದಿರುವ ಆರ್ಡರ್ ಇದೆಯೇ? ಎರಡನೆಯದರ ಉತ್ತರ ನಿಮ್ಮ ಖಾತೆಯ ಆರ್ಡರ್‌ಗಳ ಪುಟದಲ್ಲಿ ಇರುತ್ತದೆ, ಚಂದಾ ಪುಟದಲ್ಲಿ ಅಲ್ಲ.

ಕ್ಯಾನ್ಸಲ್ ಮಾಡಲು ಕೊನೆಯ ದಿನ ಯಾವುದು?

ಬಾಕ್ಸ್ ಹೊರಡುವ ದಿನವಂತೂ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ನಿಜವಾದ ಗಡುವು ಗೋದಾಮಿಗೆ ವಿಳಾಸಗಳ ಪಟ್ಟಿ ಹೋಗುವ ಹೊತ್ತು. ಕೆಲವು ಕಂಪನಿಗಳಲ್ಲಿ ಹಣ ಕಡಿತವಾಗುವ ದಿನವೇ ಗಡುವು. ಇನ್ನು ಕೆಲವು ಕಡೆ ಹಣ ಕಡಿತವಾಗಿ ನಾಲ್ಕೈದು ದಿನ ಬಿಟ್ಟು ಪಟ್ಟಿ ಮುಚ್ಚುತ್ತಾರೆ. ಹಾಗಿದ್ದರೆ ಆ ನಡುವಿನ ದಿನಗಳಲ್ಲಿ ಕ್ಯಾನ್ಸಲ್ ಮಾಡಿದವರಿಗೆ ಪೂರ್ತಿ ಹಣ ವಾಪಸ್ ಸಿಗಬೇಕು. ನಿಯಮಗಳ ಪುಟದಲ್ಲಿ `cut-off` ಅಥವಾ `order lock` ಎಂಬ ಪದ ಹುಡುಕಿದರೆ ಆ ದಿನಾಂಕ ಸಿಗುತ್ತದೆ.

ಗಡುವು ಮಧ್ಯರಾತ್ರಿ ಎಂದಿದ್ದರೆ, ಅದು ಯಾರ ಮಧ್ಯರಾತ್ರಿ ಎಂದೂ ನೋಡಿ. ಕಂಪನಿ ಬೇರೆ ದೇಶದಲ್ಲಿದ್ದರೆ ಅಲ್ಲಿನ ಗಡಿಯಾರವೇ ಲೆಕ್ಕ. ನಿಮ್ಮ ಊರಲ್ಲಿ ಇನ್ನೂ ಸಂಜೆ ಇರುವಾಗಲೇ ಅಲ್ಲಿ ದಿನ ಬದಲಾಗಿರಬಹುದು. ಕೊನೆಯ ದಿನದವರೆಗೆ ಕಾಯದೆ ಒಂದು ದಿನ ಮೊದಲೇ ಮುಗಿಸಿಬಿಡಿ.

ಬಾಕ್ಸ್ ಪ್ಯಾಕ್ ಆಗಿದೆ, ಇನ್ನೂ ಗೋದಾಮಿನಲ್ಲೇ ಇದೆ. ಒಂದು ಬಾಕ್ಸ್ ತೆಗೆದಿಡಲು ಅಷ್ಟೊಂದು ಕಷ್ಟವೇ?

ಹೊರಗಿನಿಂದ ನೋಡಿದರೆ ಸುಲಭವಾಗಿ ಕಾಣುತ್ತದೆ. ಒಳಗೆ ಹೇಗಿರುತ್ತದೆ ಎಂದು ಹೇಳುತ್ತೇನೆ.

ಬಾಕ್ಸ್‌ಗಳನ್ನು ಹೆಸರು ಹಿಡಿದು ಒಂದೊಂದಾಗಿ ಯಾರೂ ತುಂಬುವುದಿಲ್ಲ. ಉದ್ದದ ಮೇಜಿನ ಒಂದು ತುದಿಯಲ್ಲಿ ಖಾಲಿ ಡಬ್ಬ ಮಡಚಿ ನಿಲ್ಲಿಸುತ್ತಾರೆ. ಅದು ಮುಂದೆ ಮುಂದೆ ಸರಿದಂತೆ ಪ್ರತಿಯೊಬ್ಬರೂ ತಮ್ಮ ಪಾಲಿನ ಒಂದು ವಸ್ತು ಇಡುತ್ತಾರೆ. ಇನ್ನೊಂದು ತುದಿಯಲ್ಲಿ ಟೇಪ್ ಬೀಳುತ್ತದೆ. ಅಲ್ಲಿಯವರೆಗೆ ಅದು ಯಾರ ಬಾಕ್ಸೂ ಅಲ್ಲ, ಎಲ್ಲವೂ ಒಂದೇ ಥರ. ಆಮೇಲೆ ಲೇಬಲ್ ಯಂತ್ರದಿಂದ ವಿಳಾಸದ ಚೀಟಿಗಳು ಒಂದರ ಹಿಂದೊಂದು ಹೊರಬರುತ್ತವೆ. ಕೈಗೆ ಸಿಕ್ಕ ಬಾಕ್ಸಿಗೆ ಮೇಲಿನ ಚೀಟಿ ಅಂಟಿಸುವುದು, ಹಲಗೆಯ ಮೇಲೆ ಪೇರಿಸುವುದು. ಆ ಚೀಟಿ ಅಂಟಿದ ಕ್ಷಣದಲ್ಲೇ ಆ ಬಾಕ್ಸ್ ನಿಮ್ಮದಾಗುವುದು. ಹಲಗೆ ತುಂಬಿದ ಮೇಲೆ ಸುತ್ತಲೂ ಪ್ಲಾಸ್ಟಿಕ್ ಹಾಳೆ ಬಿಗಿದು ಬಾಗಿಲ ಬಳಿ ನಿಲ್ಲಿಸುತ್ತಾರೆ.

ಇಷ್ಟಾದ ಮೇಲೆ ನಿಮ್ಮ ಬಾಕ್ಸ್ ಹುಡುಕಬೇಕೆಂದರೆ ಒಬ್ಬರು ಆ ಹಾಳೆ ಕತ್ತರಿಸಿ, ಪೇರಿಸಿದ್ದನ್ನೆಲ್ಲ ಇಳಿಸಿ, ಒಂದೊಂದೇ ಚೀಟಿ ಓದಬೇಕು. ಯಾವ ಹಲಗೆಯ ಯಾವ ಸಾಲಿನಲ್ಲಿ ಇದೆ ಎಂದು ಬಹಳಷ್ಟು ಕಡೆ ಯಾವ ದಾಖಲೆಯೂ ಇರುವುದಿಲ್ಲ. ನಾನೇ ಒಮ್ಮೆ ಒಬ್ಬರ ಬಾಕ್ಸಿಗಾಗಿ ಒಂದು ಮಧ್ಯಾಹ್ನವಿಡೀ ಮೊಣಕಾಲೂರಿ ಹುಡುಕಿದ್ದೇನೆ. ಸಿಕ್ಕಿತು. ಆದರೆ ಅಷ್ಟರಲ್ಲಿ ಗಾಡಿ ಬಂದು ಕಾಯುತ್ತಿತ್ತು, ಉಳಿದವರ ಬಾಕ್ಸ್‌ಗಳೂ ತಡವಾದವು.

ಲೇಬಲ್ ಅಚ್ಚಾಗುವ ಮೊದಲಾದರೆ ವಿಷಯವೇ ಬೇರೆ. ಪಟ್ಟಿಯಿಂದ ಒಂದು ಸಾಲು ಅಳಿಸಿದರೆ ಮುಗಿಯಿತು, ನಿಮ್ಮ ಬಾಕ್ಸ್ ಬೇರೊಬ್ಬರಿಗೆ ಹೋಗುತ್ತದೆ, ಯಾರಿಗೂ ನಷ್ಟವಿಲ್ಲ. ಆದ್ದರಿಂದ ಪ್ಯಾಕ್ ಆಗಿದೆಯೇ ಎಂದು ಕೇಳಬೇಡಿ, ಲೇಬಲ್ ಆಗಿದೆಯೇ ಎಂದು ಕೇಳಿ. ನಿಮ್ಮ ಹೆಸರು ಅಚ್ಚಾದ ಬಾಕ್ಸ್, ಅಳತೆಗೆ ತಕ್ಕಂತೆ ಆರಿಸಿದ ವಸ್ತು ಇರುವ ಬಾಕ್ಸ್ ಇದಕ್ಕೆ ಅಪವಾದ. ಅವು ಮೊದಲಿನಿಂದಲೂ ನಿಮ್ಮವೇ, ಹಾಗಾಗಿ ಅವುಗಳ ಗಡುವೂ ಬೇಗ ಮುಗಿಯುತ್ತದೆ.

ನನ್ನ ಬಾಕ್ಸ್ ಯಾವ ಹಂತದಲ್ಲಿದೆ ಎಂದು ನಾನೇ ತಿಳಿಯುವುದು ಹೇಗೆ?

ಟ್ರ್ಯಾಕಿಂಗ್ ಪುಟದ ಮೊದಲ ಎರಡು ಸಾಲುಗಳಲ್ಲೇ ಉತ್ತರವಿದೆ. `Label Created` ಅಥವಾ `Shipment Information Received` ಎಂದಿದ್ದರೆ ಕೊರಿಯರ್‌ನವರಿಗೆ ಮಾಹಿತಿ ಮಾತ್ರ ತಲುಪಿದೆ, ಬಾಕ್ಸ್ ಇನ್ನೂ ಅವರ ಕೈಗೆ ಬಂದಿಲ್ಲ. «ನಿಮ್ಮ ಬಾಕ್ಸ್ ಹೊರಟಿದೆ» ಎಂಬ ಇಮೇಲ್ ಎಷ್ಟೋ ಸಲ ಈ ಹಂತದಲ್ಲೇ ತಾನಾಗಿ ಬಂದುಬಿಡುತ್ತದೆ, ಅದನ್ನು ನಂಬಿ ಕೈಬಿಡಬೇಡಿ. `Picked Up` ಎಂದು ಬಿದ್ದರೆ ಕೊರಿಯರ್‌ನವರು ಬಾಕ್ಸನ್ನು ಸ್ಕ್ಯಾನ್ ಮಾಡಿ ಒಯ್ದಿದ್ದಾರೆ ಎಂದರ್ಥ. ಆ ಮೊದಲ ಸ್ಕ್ಯಾನ್ ಆಗುವವರೆಗೆ ಲೇಬಲ್ ರದ್ದು ಮಾಡುವ ಅಧಿಕಾರ ಕಂಪನಿಯ ಕೈಯಲ್ಲಿರುತ್ತದೆ. ಆದ ಮೇಲೆ ಪಾರ್ಸಲ್ ಮೂರನೆಯವರ ವಶ.

ಒಂದು ಉದಾಹರಣೆ ಕೊಟ್ಟು ಹೇಳುತ್ತೀರಾ?

ಒಂದು ಕಂಪನಿಯ ತಿಂಗಳ ಚಕ್ರ ಹೀಗಿದೆ ಎಂದಿಟ್ಟುಕೊಳ್ಳಿ. 1ನೇ ತಾರೀಖು ಹಣ ಕಡಿತ, 5ರ ಮಧ್ಯರಾತ್ರಿ ಗಡುವು. 6ರ ಬೆಳಿಗ್ಗೆ ಪಟ್ಟಿ ಗೋದಾಮಿಗೆ ಹೋಗುತ್ತದೆ, 6ರಿಂದ 8ರವರೆಗೆ ಪ್ಯಾಕಿಂಗ್ ಮತ್ತು ಲೇಬಲ್, 9ರ ಸಂಜೆ ಕೊರಿಯರ್ ಗಾಡಿ, 12ರ ಹೊತ್ತಿಗೆ ಬಾಕ್ಸ್ ಮನೆಗೆ.

ಒಬ್ಬ ಗ್ರಾಹಕಿ 7ರ ರಾತ್ರಿ ಕ್ಯಾನ್ಸಲ್ ಮಾಡುತ್ತಾರೆ. ಪರದೆಯ ಮೇಲೆ ಕ್ಯಾನ್ಸಲ್ ಆಗಿದೆ ಎಂದು ಬರುತ್ತದೆ, ನಿಶ್ಚಿಂತೆಯಿಂದ ಮಲಗುತ್ತಾರೆ. 8ರಂದು ಬಾಕ್ಸ್ ಹೊರಟಿದೆ ಎಂಬ ಇಮೇಲ್. ಅವರಿಗೆ ಸಿಟ್ಟು ಬರುತ್ತದೆ, ಬ್ಯಾಂಕಿಗೆ ದೂರು ಕೊಡುತ್ತಾರೆ. 12ರಂದು ಬಾಕ್ಸ್ ಬಂದಾಗ ಮನೆಯವರು ತೆಗೆದುಕೊಂಡು ಒಳಗಿಡುತ್ತಾರೆ. ಬ್ಯಾಂಕ್ ವಿವರ ಕೇಳಿದಾಗ ಕಂಪನಿ ಮೂರು ಕಾಗದ ಮುಂದಿಡುತ್ತದೆ: 1ರ ಬಿಲ್, 5ರ ಗಡುವು ಬರೆದಿರುವ ನಿಯಮಗಳ ಪುಟ, 12ರ ಡೆಲಿವರಿ ದಾಖಲೆ. ಆ ದೂರು ಗೆಲ್ಲುವ ಸಾಧ್ಯತೆ ತೀರಾ ಕಡಿಮೆ.

ಅದೇ 7ರ ರಾತ್ರಿ ಅವರು ಕ್ಯಾನ್ಸಲ್ ಜೊತೆಗೆ ಎರಡು ಸಾಲು ಬರೆದು, ತೆರೆದಿರುವ ಆರ್ಡರ್ ನಂಬರ್ ಕೊಟ್ಟು, ಇದನ್ನು ತಡೆಯಲು ಆಗುತ್ತದೆಯೇ ಎಂದು ಕೇಳಿದ್ದರೆ? 8ರ ಬೆಳಿಗ್ಗೆ ಆ ಪತ್ರ ಓದಿದವರಿಗೆ ಗಾಡಿ ಬರುವ ಮುಂಚೆ ಇನ್ನೂ ಒಂದೂವರೆ ದಿನ ಇರುತ್ತಿತ್ತು. ಲೇಬಲ್ ಆಗಿರದಿದ್ದರೆ ಪಟ್ಟಿಯಿಂದ ತೆಗೆಯಬಹುದಿತ್ತು. ಆಗಿದ್ದರೂ, ಗಡುವು ಮೀರಿದ್ದರಿಂದ ಕಂಪನಿ ಒಪ್ಪಲೇಬೇಕೆಂದಿಲ್ಲ, ಆದರೆ ಬಾಕ್ಸ್ ಬಂದರೆ ಹಾಗೇ ವಾಪಸ್ ಕಳಿಸಿ, ಸಾಗಣೆ ಖರ್ಚು ಕಳೆದು ಉಳಿದದ್ದು ಕೊಡುತ್ತೇವೆ ಎಂಬಂಥ ಉತ್ತರವಾದರೂ ಸಿಗುವ ಅವಕಾಶವಿತ್ತು. ಅವರ ಕ್ಯಾನ್ಸಲ್ ನಿಜಕ್ಕೂ ಕೆಲಸ ಮಾಡಿದೆಯೇ ಎಂಬುದರ ಪರೀಕ್ಷೆ 12ನೇ ತಾರೀಖಲ್ಲ, ಮುಂದಿನ ತಿಂಗಳ 1ನೇ ತಾರೀಖು. ಅಂದು ಹಣ ಕಡಿತವಾಗದಿದ್ದರೆ ಚಂದಾ ಸರಿಯಾಗಿಯೇ ನಿಂತಿದೆ.

ದಾರಿಯಲ್ಲಿರುವ ಪಾರ್ಸಲನ್ನು ವಾಪಸ್ ಕರೆಸಬಹುದೇ?

ದೊಡ್ಡ ಕೊರಿಯರ್‌ಗಳಲ್ಲಿ ಅಂಥ ಸೌಲಭ್ಯ ಇರುತ್ತದೆ. ಸಾಮಾನ್ಯವಾಗಿ ಅದನ್ನು ಕೇಳಬೇಕಾದವರು ಕಳಿಸಿದವರು, ಪಡೆಯುವವರಲ್ಲ. ನೀವು ಕೊರಿಯರ್ ಕಚೇರಿಗೆ ಫೋನ್ ಮಾಡಿದರೆ ಕಂಪನಿಯನ್ನೇ ಕೇಳಿ ಎಂದು ಕಳಿಸುವುದು ಇದಕ್ಕೇ. ಅದಕ್ಕೆ ಬೇರೆ ಶುಲ್ಕ ಇರುತ್ತದೆ, ಯಶಸ್ಸಿನ ಭರವಸೆಯೂ ಇಲ್ಲ. ಮುಂದಿನ ಸ್ಕ್ಯಾನ್ ಆಗುವ ಜಾಗದಲ್ಲಿ ಯಂತ್ರಕ್ಕೋ ಕೆಲಸಗಾರರಿಗೋ ಆ ಸೂಚನೆ ಕಂಡರೆ ಮಾತ್ರ ಪಾರ್ಸಲ್ ಪಕ್ಕಕ್ಕೆ ಬರುತ್ತದೆ. `Out for Delivery` ಆದ ಮೇಲಂತೂ ಅದು ಗಾಡಿಯಲ್ಲಿ ನಿಮ್ಮ ಬೀದಿಯತ್ತ ಬರುತ್ತಿರುತ್ತದೆ. ಬಾಕ್ಸಿನ ಬೆಲೆಗೆ ಹೋಲಿಸಿದರೆ ಈ ಖರ್ಚು ಹೆಚ್ಚು ಎನಿಸಿ ಬಹಳಷ್ಟು ಕಂಪನಿಗಳು ಇದಕ್ಕೆ ಕೈಹಾಕುವುದೇ ಇಲ್ಲ.

ಹಾಗಾದರೆ ಬಾಗಿಲಿಗೆ ಬಂದಾಗ ಬೇಡ ಎಂದರೆ ಸಾಕೇ?

ಬೇಡ ಎನ್ನುವ ಹಕ್ಕು ನಿಮಗಿದೆ. ಕೊರಿಯರ್‌ನವರು `Refused` ಎಂದು ಗುರುತು ಹಾಕಿ ಒಯ್ಯುತ್ತಾರೆ, ಪಾರ್ಸಲ್ ಕಳಿಸಿದ ಜಾಗಕ್ಕೆ ವಾಪಸ್ ಹೊರಡುತ್ತದೆ. ಆದರೆ ನಿರಾಕರಿಸಿದ ಮಾತ್ರಕ್ಕೆ ಹಣ ವಾಪಸ್ ಬರುತ್ತದೆ ಎಂದುಕೊಳ್ಳಬೇಡಿ. ಮೊದಲು ಕಂಪನಿಗೆ ಬರೆದು, ನಿರಾಕರಿಸಿದರೆ ಎಷ್ಟು ರಿಫಂಡ್ ಕೊಡುತ್ತೀರಿ ಎಂದು ಕೇಳಿ, ಉತ್ತರ ಕೈಯಲ್ಲಿಟ್ಟುಕೊಂಡು ನಿರಾಕರಿಸಿ.

ಯಾಕೆಂದರೆ ವಾಪಸ್ ಬಂದ ಬಾಕ್ಸ್‌ಗಳ ಮೂಲೆ ಹೇಗಿರುತ್ತದೆ ಎಂದು ನನಗೆ ಗೊತ್ತು. ವಿಳಾಸ ತಪ್ಪಿದ್ದು, ಮನೆಯಲ್ಲಿ ಯಾರೂ ಇಲ್ಲದ್ದು, ಬೇಡ ಎಂದದ್ದು ಎಲ್ಲವೂ ಒಂದೇ ರಾಶಿ. ಮೂಲೆ ಜಜ್ಜಿ, ಒಂದರ ಮೇಲೊಂದು ಚೀಟಿ ಅಂಟಿಕೊಂಡು ಬಂದಿರುತ್ತವೆ. ಯಾಕೆ ಬಂತು ಎಂಬ ಟಿಪ್ಪಣಿ ಇರುವುದಿಲ್ಲ. ಮೊದಲೇ ಪತ್ರ ಬಂದಿದ್ದರೆ ಆ ಆರ್ಡರ್ ನಂಬರ್ ಎದುರಿಗೆ ನಾವು ಗುರುತು ಹಾಕಿಟ್ಟಿರುತ್ತಿದ್ದೆವು, ಬಾಕ್ಸ್ ಸ್ಕ್ಯಾನ್ ಆದ ಕೂಡಲೇ ರಿಫಂಡ್ ಹೊರಡುತ್ತಿತ್ತು. ಪತ್ರ ಇಲ್ಲದಿದ್ದರೆ ವಿಳಾಸ ಸಿಗಲಿಲ್ಲವೇನೋ ಎಂದು ಅದೇ ಬಾಕ್ಸನ್ನು ಮತ್ತೆ ಅದೇ ಮನೆಗೆ ಕಳಿಸಿದ್ದೂ ಇದೆ.

ಇನ್ನೊಂದು ಮಾತು. ಬಾಕ್ಸ್ ತೆರೆದ ಮೇಲೆ ಅದು ನಿರಾಕರಣೆ ಆಗುವುದಿಲ್ಲ, ಮಾಮೂಲಿ ರಿಟರ್ನ್ ಆಗುತ್ತದೆ. ಆಗ ನಿಯಮ, ಖರ್ಚು ಎಲ್ಲ ಬೇರೆ. ಟೇಪ್ ಕತ್ತರಿಸುವ ಮೊದಲೇ ನಿರ್ಧರಿಸಿ. ಬೇಗ ಕೆಡುವ ವಸ್ತುಗಳ ಬಾಕ್ಸ್ ಆಗಿದ್ದರೆ ವಾಪಸ್ ಹೋಗುವಷ್ಟರಲ್ಲಿ ಹಾಳಾಗಿರುತ್ತದೆ, ಅದಕ್ಕೆ ಬಹಳ ಕಡೆ ರಿಫಂಡ್ ಕೊಡುವುದಿಲ್ಲ. ಅಂಥದ್ದನ್ನು ತೆಗೆದುಕೊಂಡು ಯಾರಿಗಾದರೂ ಕೊಟ್ಟುಬಿಡುವುದೇ ಮೇಲು.

ರಿಫಂಡ್ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ?

ಗಡುವಿಗೆ ಮೊದಲಾದರೆ ಪೂರ್ತಿ ಹಣ ಕೇಳಿ. ಗಡುವು ಮೀರಿ ಬಾಕ್ಸ್ ವಾಪಸ್ ಹೋಗಿದ್ದರೆ ಹೋಗುವ, ಬರುವ ಸಾಗಣೆಯನ್ನು ಕಳೆದು ಕೊಡುವುದು ಸಾಮಾನ್ಯ. ಹಣ ಹೊರಡುವುದು ಬಾಕ್ಸ್ ಗೋದಾಮಿನಲ್ಲಿ ಸ್ಕ್ಯಾನ್ ಆದ ಮೇಲೆ. ಅದಾದ ನಂತರವೂ ಬ್ಯಾಂಕಿನಲ್ಲಿ ಕಾಣಿಸಲು ಕೆಲವು ಕೆಲಸದ ದಿನ ಬೇಕಾಗುತ್ತದೆ.

ಬ್ಯಾಂಕ್ ಪುಟದಲ್ಲಿ ಆ ಮೊತ್ತದ ಎದುರು `Pending` ಎಂದಿದ್ದರೆ ಹಣ ಇನ್ನೂ ಹೋಗಿಲ್ಲದಿರಬಹುದು, ಬರೀ ತಡೆಹಿಡಿದಿರುತ್ತಾರೆ. ಬಾಕ್ಸ್ ಹೊರಡುವಾಗ ಮಾತ್ರ ಹಣ ಎಳೆದುಕೊಳ್ಳುವ ಕಂಪನಿಗಳಿವೆ. ಅಂಥ ಕಡೆ ಸಕಾಲಕ್ಕೆ ಕ್ಯಾನ್ಸಲ್ ಮಾಡಿದರೆ ರಿಫಂಡ್ ಎಂಬ ಬೇರೆ ಸಾಲೇ ಕಾಣುವುದಿಲ್ಲ, ತಡೆಹಿಡಿದ ಮೊತ್ತ ಸುಮ್ಮನೆ ಬಿಟ್ಟುಹೋಗುತ್ತದೆ.

ಗಡುವಿಗೆ ಮೊದಲೇ ಕ್ಯಾನ್ಸಲ್ ಮಾಡಿದ್ದೆ, ಆದರೂ ಬಂತಲ್ಲ?

ಇದು ಕಂಪನಿಯ ತಪ್ಪು. ಇಲ್ಲಿ ನೀವು ಸಂಕೋಚಪಡಬೇಕಾಗಿಲ್ಲ. ಕಾರಣ ಬಹುಪಾಲು ಒಂದೇ: ಗೋದಾಮಿಗೆ ಹೋದ ಪಟ್ಟಿ ಆ ಕ್ಷಣದ ಫೋಟೋ ಇದ್ದಂತೆ. ಯಾರೋ ಆತುರದಲ್ಲಿ ಗಡುವಿಗೆ ಮೊದಲೇ ಆ ಪಟ್ಟಿ ತೆಗೆದಿರುತ್ತಾರೆ. ಆಮೇಲೆ ಕ್ಯಾನ್ಸಲ್ ಆದವರ ಹೆಸರು ಅದರಲ್ಲಿ ಉಳಿದುಹೋಗುತ್ತದೆ, ಗೋದಾಮು ಬೇರೆಯವರದ್ದಾಗಿದ್ದರೆ ಇನ್ನೂ ಹೆಚ್ಚು. ಕ್ಯಾನ್ಸಲ್ ಇಮೇಲ್‌ನ ದಿನಾಂಕ, ಸಮಯ ತೋರಿಸಿ ಪೂರ್ತಿ ರಿಫಂಡ್ ಕೇಳಿ. ಬಾಕ್ಸ್ ವಾಪಸ್ ಬೇಕಿದ್ದರೆ ಅವರ ಖರ್ಚಿನಲ್ಲಿ ಒಯ್ಯಲಿ. ಕಂಪನಿ ಒಪ್ಪದಿದ್ದರೆ ಬ್ಯಾಂಕ್ ದೂರಿಗೆ ಇದು ಸರಿಯಾದ ಸಂದರ್ಭ.

6 ತಿಂಗಳಿಗೆ ಮುಂಗಡ ಕಟ್ಟಿದ್ದೇನೆ. 2 ಬಾಕ್ಸ್ ಬಂದ ಮೇಲೆ ಕ್ಯಾನ್ಸಲ್ ಮಾಡಿದರೆ?

ಮುಂಗಡ ಯೋಜನೆಯಲ್ಲಿ ಕ್ಯಾನ್ಸಲ್ ಎಂದರೆ ಸಾಮಾನ್ಯವಾಗಿ 7ನೇ ತಿಂಗಳಿಗೆ ತಾನಾಗಿ ನವೀಕರಣ ಆಗದಿರುವುದು, ಅಷ್ಟೇ. ಉಳಿದ 4 ಬಾಕ್ಸ್ ಬರುತ್ತಲೇ ಇರುತ್ತವೆ. ಆ 4ಕ್ಕೆ ಹಣ ವಾಪಸ್ ಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು. ಕೊಟ್ಟರೂ, ಮುಂಗಡಕ್ಕೆ ಕೊಟ್ಟಿದ್ದ ರಿಯಾಯಿತಿ ಹಿಂದೆಗೆದು, ಬಂದ 2 ಬಾಕ್ಸಿಗೆ ಬಿಡಿ ಬೆಲೆ ಹಾಕಿ ಲೆಕ್ಕ ಮಾಡಬಹುದು. ಹಾಗಾಗಿ ಬರಬೇಕಾದ ಮೊತ್ತ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ.

ಕಾರ್ಡ್ ತೆಗೆದುಹಾಕಿದರೆ, ಆ್ಯಪ್ ಅಳಿಸಿದರೆ ಸಾಕಲ್ಲವೇ?

ಸಾಲದು. ಆ್ಯಪ್ ಅಳಿಸಿದರೆ ನಿಮ್ಮ ಫೋನಿನಿಂದ ಹೋಯಿತು, ಚಂದಾ ಅಲ್ಲೇ ಇದೆ. ಕಾರ್ಡ್ ಬದಲಾದರೆ ಕಡಿತ ವಿಫಲವಾಗುತ್ತದೆ ನಿಜ, ಆದರೆ ಕಂಪ್ಯೂಟರ್ ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಹೊಸ ಕಾರ್ಡ್ ನಂಬರನ್ನು ವ್ಯಾಪಾರಿಗೆ ತಾನಾಗಿ ತಲುಪಿಸುವ ವ್ಯವಸ್ಥೆಯೂ ಇದೆ. ಬ್ಯಾಂಕ್ ಅದರಲ್ಲಿ ಸೇರಿದ್ದರೆ ಹಳೇ ಕಾರ್ಡ್ ಮುಗಿದರೂ ಹೊಸದರಿಂದ ಹಣ ಹೋಗಬಹುದು. ಮೊದಲು ಚಂದಾ ಕ್ಯಾನ್ಸಲ್ ಮಾಡಿ, ಖಚಿತಪಡಿಸಿದ ಇಮೇಲ್ ಬರಲಿ, ಆಮೇಲೆ ಬ್ಯಾಂಕಿನಲ್ಲಿ ಆಟೋಪೇ ಅನುಮತಿ ತೆಗೆಯಿರಿ.

14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು ಎಂದು ಕೇಳಿದ್ದೇನೆ.

ಅದು ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದಲ್ಲಿರುವ ನಿಯಮ, ದೂರದಿಂದ ಕೊಂಡ ವಸ್ತುಗಳಿಗೆ ಅಲ್ಲಿ ಅನ್ವಯಿಸುತ್ತದೆ. ಚಂದಾ ಬಾಕ್ಸಿನವರು ಗಮನಿಸಬೇಕಾದದ್ದು ಒಂದಿದೆ. ನಿಯಮಿತವಾಗಿ ಬರುವ ವಸ್ತುಗಳಿಗೆ ಆ 14 ದಿನ ಎಣಿಸುವುದು ಮೊದಲ ಬಾಕ್ಸ್ ಕೈಸೇರಿದ ದಿನದಿಂದ, ಪ್ರತಿ ಬಾಕ್ಸಿಗೂ ಹೊಸದಾಗಿ ಅಲ್ಲ. ಬೇಗ ಕೆಡುವ ವಸ್ತುಗಳಿಗೂ ಗ್ರಾಹಕರು ಹೇಳಿದಂತೆ ಮಾಡಿಸಿದ ವಸ್ತುಗಳಿಗೂ ಈ ಹಕ್ಕು ಇಲ್ಲ. ನೀವು ಬೇರೆ ಕಡೆ ಇದ್ದರೆ ನಿಮ್ಮಲ್ಲಿನ ನಿಯಮವನ್ನೇ ನೋಡಬೇಕು.

ಕ್ಯಾನ್ಸಲ್ ಬದಲು ಒಂದು ತಿಂಗಳು ಬಿಡಬಹುದೇ?

ಬಿಡಬಹುದು, `Skip` ಇದ್ದರೆ. ಅದಕ್ಕೂ ಅದೇ ಗಡುವು, ಆ ತಿಂಗಳು ಮುಗಿದ ಮೇಲೆ ಚಂದಾ ತಾನಾಗಿ ಮತ್ತೆ ಶುರುವಾಗುತ್ತದೆ.

ಕಂಪನಿಗೆ ಬರೆಯುವಾಗ ಏನು ಬರೆಯಬೇಕು?

ಉದ್ದ ಬೇಡ. ನನ್ನ ಮೇಜಿಗೆ ಬಂದ ಪತ್ರಗಳಲ್ಲಿ ಬೇಗ ಇತ್ಯರ್ಥವಾಗುತ್ತಿದ್ದವು ಹೀಗಿರುತ್ತಿದ್ದವು:

«ಇಂಥ ದಿನ, ಇಷ್ಟು ಗಂಟೆಗೆ ನನ್ನ ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿದ್ದೇನೆ. ಇಂಥ ನಂಬರಿನ ಆರ್ಡರ್ ಇನ್ನೂ ತೆರೆದಿದೆ, ಟ್ರ್ಯಾಕಿಂಗ್‌ನಲ್ಲಿ `Label Created` ಎಂದಿದೆ. ಅದನ್ನು ತಡೆಯಲು ಸಾಧ್ಯವೇ? ಆಗದಿದ್ದರೆ, ಬಂದಾಗ ತೆರೆಯದೆ ವಾಪಸ್ ಕಳಿಸಿದರೆ ಎಷ್ಟು ಹಣ ಮರಳಿಸುತ್ತೀರಿ? ಇದೇ ಕೊನೆಯ ಬಾಕ್ಸ್ ಎಂದು ದಯವಿಟ್ಟು ಬರೆದು ತಿಳಿಸಿ.»

ಆರ್ಡರ್ ನಂಬರ್ ಇದ್ದರೆ ಓದುವವರು ಹುಡುಕುತ್ತಾ ಕೂರಬೇಕಿಲ್ಲ. ಟ್ರ್ಯಾಕಿಂಗ್ ಸ್ಥಿತಿ ಬರೆದರೆ, ಗಾಡಿ ಬರುವ ಮೊದಲು ನೋಡಬೇಕಾದ ಪತ್ರ ಇದು ಎಂದು ತಕ್ಷಣ ಗೊತ್ತಾಗುತ್ತದೆ, ಮೇಲಿನ ಸಾಲಿಗೆ ಬರುತ್ತದೆ. ಕೊನೆಯ ವಾಕ್ಯಕ್ಕೆ ಬರುವ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಮುಂದಿನ ತಿಂಗಳು ಅಪ್ಪಿತಪ್ಪಿ ಹಣ ಹೋದರೆ ಬ್ಯಾಂಕಿಗೆ ತೋರಿಸಲು ಅದೊಂದೇ ಸಾಲು ಸಾಕಾಗುತ್ತದೆ.